ಕಿಡ್ನಿ ತೊಂದ್ರೆ ಇರೋರ ಮನೆಗೆ ಸಾಮಾನು ತರೋದು ಹೇಗೆ: ಉಪ್ಪು, ಪೊಟ್ಯಾಸಿಯಂ, ಫಾಸ್ಫರಸ್ ಲೆಕ್ಕ

ಅಪ್ಪಂಗೆ ಕ್ರಿಯಾಟಿನಿನ್ ಜಾಸ್ತಿ ಇದೆ ಅಂತ ಗೊತ್ತಾದ ವಾರವೇ ನಾನು ಬುದ್ಧಿವಂತ ಮಗನ ಥರ ಸೂಪರ್ ಮಾರ್ಕೆಟ್‌ಗೆ ಹೋಗಿ 'ಲೋ ಸೋಡಿಯಂ' ಅಂತ ಬರೆದಿರೋ ದುಬಾರಿ ಉಪ್ಪು ತಂದೆ, ಬಿಪಿಗೆ ಒಳ್ಳೇದು ಅಂತ. ಅಮ್ಮ ಅವರ ಪಾಲಿಗೆ ಅಪ್ಪಂಗೆ ದಿನಾ ಬೆಳಗ್ಗೆ ಒಂದು ಎಳನೀರು ಶುರು ಮಾಡಿದ್ರು, ಕಿಡ್ನಿ ಕ್ಲೀನ್ ಆಗತ್ತೆ ಅಂತ ಪಕ್ಕದ ಮನೆಯವ್ರು ಹೇಳಿದ್ರಂತೆ. ಒಂದೂವರೆ ತಿಂಗಳು ಕಳೆದು ಬ್ಲಡ್ ರಿಪೋರ್ಟ್ ಬಂತು, ಪೊಟ್ಯಾಸಿಯಂ 5.9. ಸಾಮಾನ್ಯವಾಗಿ 3.5ರಿಂದ 5ರ ಒಳಗೆ ಇರ್ಬೇಕು. ಡಾಕ್ಟ್ರು ತಕ್ಷಣ ಇಸಿಜಿ ಮಾಡ್ಸಿ, ಆಮೇಲೆ ಕೂತ್ಕೊಂಡು ಕೇಳಿದ ಮೊದಲ ಪ್ರಶ್ನೆ "ಮನೇಲಿ ಯಾವ ಉಪ್ಪು ತರ್ತೀರಾ?"

ಡಯಟೀಷಿಯನ್ ಹತ್ರ ಕೂತು ಲೆಕ್ಕ ಹಾಕಿದ್ವಿ. ಆ ಉಪ್ಪಲ್ಲಿ ಸೋಡಿಯಂ ಕಮ್ಮಿ ಮಾಡೋಕೆ ಅದರ ಜಾಗಕ್ಕೆ ಹಾಕಿದ್ದು ಪೊಟ್ಯಾಸಿಯಂ ಕ್ಲೋರೈಡ್, ನಾನು ತಂದಿದ್ರಲ್ಲಿ ಅದು 30 ಪರ್ಸೆಂಟ್ ಇತ್ತು. ಅಪ್ಪನ ಹೊಟ್ಟೆಗೆ ದಿನಕ್ಕೆ ಸುಮಾರು 6 ಗ್ರಾಂ ಉಪ್ಪು ಹೋಗ್ತಿತ್ತು ಅಂದ್ಕೊಂಡ್ರೆ 900 ಮಿಲಿಗ್ರಾಂಗೂ ಮೇಲೆ ಪೊಟ್ಯಾಸಿಯಂ ಉಪ್ಪಿಂದಲೇ ಬರ್ತಿತ್ತು. ಒಂದು ದೊಡ್ಡ ಎಳನೀರಲ್ಲಿ ಸುಲಭವಾಗಿ 500-600. ಅಂದ್ರೆ ಒಂದು ತುತ್ತು ಅನ್ನ ತಿನ್ನೋ ಮುಂಚೆನೇ 1,500, ಅಪ್ಪಂಗೆ ಇಡೀ ದಿನಕ್ಕೆ ಕೊಟ್ಟಿದ್ದ ಲಿಮಿಟ್ಟೇ 2,000. ಎರಡೂ ನಾವು ಪ್ರೀತಿಯಿಂದ ದುಡ್ಡು ಕೊಟ್ಟು ತಂದಿದ್ದು!

ಆಮೇಲಿಂದ ಮನೆ ಸಾಮಾನು ತರೋ ಜವಾಬ್ದಾರಿ ನಂದು. ನಾನು ಹೇಗೆ ತರ್ತೀನಿ ಅನ್ನೋದನ್ನ ಹಂತ ಹಂತವಾಗಿ ಬರೀತೀನಿ. ನೆನಪಿರ್ಲಿ, ಅಪ್ಪಂಗೆ ಇನ್ನೂ ಡಯಾಲಿಸಿಸ್ ಶುರುವಾಗಿಲ್ಲ. ಡಯಾಲಿಸಿಸ್ ಮಾಡಿಸ್ಕೊಳ್ಳೋರಿಗೆ ಪ್ರೋಟೀನ್ ಜಾಸ್ತಿ ಬೇಕಾಗತ್ತೆ, ನೀರಿನ ಲೆಕ್ಕ ಬೇರೆ ಇರತ್ತೆ, ಹಾಗಾಗಿ ಬೇಳೆ ಮೊಟ್ಟೆ ವಿಷ್ಯ ಬಂದಾಗ ನಿಮ್ಮ ಡಯಟೀಷಿಯನ್ ಹೇಳಿದ್ದೇ ಫೈನಲ್.

ಚೀಲ ತಗೊಳ್ಳೋ ಮುಂಚೆ ರಿಪೋರ್ಟ್ ತಗೊಳ್ಳಿ

ಕಿಡ್ನಿ ತೊಂದ್ರೆ ಇರೋ ಎಲ್ಲರೂ ಪೊಟ್ಯಾಸಿಯಂ ಕಮ್ಮಿ ಮಾಡ್ಬೇಕು ಅಂತಿಲ್ಲ. ರಿಪೋರ್ಟ್‌ನಲ್ಲಿ ಅದು 4.2 ಇದ್ದೋರು ಯಾರೋ ವಾಟ್ಸಾಪ್‌ನಲ್ಲಿ ಕಳ್ಸಿದ ಲಿಸ್ಟ್ ನೋಡಿ ಹಣ್ಣು ತರಕಾರಿ ಎಲ್ಲಾ ಬಿಟ್ರೆ ಸುಮ್ನೆ ಸೊರಗಿ ಹೋಗ್ತಾರೆ ಅಷ್ಟೇ, ಮಲಬದ್ಧತೆ ಬೇರೆ ಶುರುವಾಗತ್ತೆ. ಹಾಗಾಗಿ ಮೊದಲು ಎರಡು ನಂಬರ್ ನೋಡಿ, ಪೊಟ್ಯಾಸಿಯಂ ಎಷ್ಟಿದೆ, ಫಾಸ್ಫರಸ್ ಎಷ್ಟಿದೆ (ಇದು ಸಾಮಾನ್ಯವಾಗಿ 2.5ರಿಂದ 4.5ರ ಒಳಗೆ). ಯಾವುದು ಏರಿದೆಯೋ ಅದರ ಮೇಲೆ ಗಮನ ಜಾಸ್ತಿ ಇಡಿ. ಉಪ್ಪು ಮಾತ್ರ ಹೆಚ್ಚುಕಮ್ಮಿ ಎಲ್ಲರಿಗೂ ಕಮ್ಮಿ ಮಾಡ್ಬೇಕಾದ್ದೇ.

ಇನ್ನೊಂದು ವಿಷ್ಯ, ಪೊಟ್ಯಾಸಿಯಂ ಏರಿದ್ರೆ ಮೈಗೆ ಗೊತ್ತಾಗತ್ತೆ ಅಂತ ಕಾಯ್ಬೇಡಿ. ಅಪ್ಪಂಗೆ 5.9 ಇದ್ದಾಗ್ಲೂ ಆರಾಮಾಗಿ ವಾಕಿಂಗ್ ಹೋಗ್ತಿದ್ರು. ಕೈಕಾಲು ಸೋತು ಬರೋದು, ಎದೆ ಬಡಿತ ತಪ್ಪೋದು ಇದೆಲ್ಲ ಶುರುವಾಯ್ತು ಅಂದ್ರೆ ಡಯಟ್ ನೋಡ್ಕೊಳ್ಳೋ ಟೈಮ್ ಅಲ್ಲ ಅದು, ಆಸ್ಪತ್ರೆಗೆ ಓಡೋ ಟೈಮ್. ಫಾಸ್ಫರಸ್ ಇನ್ನೂ ನಿಧಾನದ್ದು, ಮೈ ತುರಿಕೆ ಆಗಿ ಗೊತ್ತಾಗೋ ಹೊತ್ತಿಗೆ ಮೂಳೆ ಮೇಲೆ ಕೆಲಸ ಶುರು ಮಾಡಿರತ್ತೆ.

ಉಪ್ಪಿನ ರ‍್ಯಾಕ್ ಮುಂದೆ

ಮಾಮೂಲಿ ಪುಡಿ ಉಪ್ಪು ತಗೊಳ್ಳಿ, ಅಷ್ಟೇ. ಸೈಂಧವ ಲವಣ, ಪಿಂಕ್ ಸಾಲ್ಟ್, ಕಲ್ಲುಪ್ಪು ಎಲ್ಲಾ ಹೆಚ್ಚುಕಮ್ಮಿ ಅದೇ ಸೋಡಿಯಂ ಕ್ಲೋರೈಡ್, ಬಣ್ಣ ಬೇರೆ, ರೇಟ್ ಬೇರೆ. ಪ್ಯಾಕೆಟ್ ಹಿಂದೆ ಪೊಟ್ಯಾಸಿಯಂ ಕ್ಲೋರೈಡ್ ಅಂತ ಇದ್ರೆ, ಅಥವಾ ಆಹಾರಕ್ಕೆ ಸೇರಿಸೋ ವಸ್ತುಗಳ ಕೋಡ್ ನಂಬರಲ್ಲಿ ಐಎನ್‌ಎಸ್ 508 ಅಂತ ಇದ್ರೆ (ಅದೂ ಅದೇ), ವಾಪಸ್ ಇಡಿ.

ಎಷ್ಟು ಬಳಸ್ತಿದೀವಿ ಅಂತ ತಿಳ್ಕೊಳ್ಳೋಕೆ ಸ್ಪೂನ್ ಅಳತೆಗಿಂತ ಸುಲಭದ ಉಪಾಯ ಒಂದಿದೆ. ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಲ್ಲಿ ತಾರೀಖು ಬರೀರಿ. ಒಬ್ಬರಿಗೆ ದಿನಕ್ಕೆ 5 ಗ್ರಾಂ ಅಂದ್ರೆ ನಾಲ್ಕು ಜನಕ್ಕೆ 20 ಗ್ರಾಂ, ಹಾಗಾದ್ರೆ 1 ಕೆಜಿ ಪ್ಯಾಕೆಟ್ 50 ದಿನ ಬರ್ಬೇಕು. ನಮ್ಮನೇಲಿ ಮೊದಲ ಸಲ ಬರೆದಾಗ 27 ದಿನಕ್ಕೆ ಖಾಲಿ! ಅಮ್ಮ ನಂಬ್ಲೇ ಇಲ್ಲ, "ನಾನೆಲ್ಲೋ ಹಾಕ್ತೀನಿ ಅಷ್ಟು, ಕೆಲಸದವ್ಳು ಚೆಲ್ಲಿರ್ಬೇಕು" ಅಂದ್ರು. ಆಮೇಲೆ ನೋಡಿದ್ರೆ ಅನ್ನಕ್ಕೆ ಉಪ್ಪು, ಚಪಾತಿ ಹಿಟ್ಟಿಗೆ ಉಪ್ಪು, ಮಜ್ಜಿಗೆಗೆ ಉಪ್ಪು, ಮುದ್ದೆ ಎಸರಿಗೂ ಉಪ್ಪು. ಇವು ನಾಲ್ಕರಲ್ಲೂ ಉಪ್ಪು ನಿಲ್ಲಿಸಿದ್ವಿ, ಸಾರು ಪಲ್ಯಕ್ಕೆ ಮಾತ್ರ ಉಳಿಸ್ಕೊಂಡ್ವಿ. ಈಗ 44-45 ದಿನ ಬರತ್ತೆ. ಹಪ್ಪಳ, ಉಪ್ಪಿನಕಾಯಿ, ಬಾಳಕದ ಮೆಣಸಿನಕಾಯಿ ಈ ಲೆಕ್ಕದಲ್ಲಿ ಸೇರಿಲ್ಲ, ಅದಕ್ಕೇ ಅವುಗಳನ್ನ ತರೋದನ್ನೇ ಬಿಟ್ವಿ. ಹಪ್ಪಳದಲ್ಲಿ ಉಪ್ಪಿನ ಜೊತೆಗೆ ಹಪ್ಪಳ ಖಾರ ಅಂತ ಹಾಕ್ತಾರಲ್ಲ, ಅದೂ ಸೋಡಿಯಮ್ಮೇ.

ಉಪ್ಪು ಕಮ್ಮಿ ಆದಾಗ ಬಾಯಿಗೆ ಸಪ್ಪೆ ಅನ್ಸೋದನ್ನ ನಿಂಬೆಹಣ್ಣು ತುಂಬಾ ಚೆನ್ನಾಗಿ ಮುಚ್ಚತ್ತೆ, ಹಾಗಾಗಿ ವಾರಕ್ಕೆ ಹತ್ತು ನಿಂಬೆಹಣ್ಣು ಜಾಸ್ತಿ ತರ್ತೀನಿ. ಮೆಣಸು, ಜೀರಿಗೆ, ಇಂಗು, ಬೆಳ್ಳುಳ್ಳಿ ಒಗ್ಗರಣೆ ಧಾರಾಳ. ಅಂಗಡಿ ಸಾರಿನ ಪುಡಿ ತರೋದಾದ್ರೆ ಹಿಂದೆ ತಿರುಗಿಸಿ ನೋಡಿ, ಕೆಲವು ಕಂಪನಿಯವ್ರು ಪುಡಿಗೇ ಉಪ್ಪು ಹಾಕಿರ್ತಾರೆ.

ತರಕಾರಿ ಗಾಡಿ ಹತ್ರ

ನಮ್ಮ ಪುಣ್ಯಕ್ಕೆ ನಮ್ಮ ಕಡೆ ತರಕಾರಿಗಳಲ್ಲಿ ಪೊಟ್ಯಾಸಿಯಂ ಕಮ್ಮಿ ಇರೋವು ಬೇಕಾದಷ್ಟಿವೆ. ಸೀಮೆಬದನೆ, ಸೋರೆಕಾಯಿ, ಹೀರೆಕಾಯಿ, ಪಡವಲಕಾಯಿ, ಎಲೆಕೋಸು, ಸೌತೆಕಾಯಿ. ಅಂದಾಜು ಹೇಳೋದಾದ್ರೆ ಇವು 100 ಗ್ರಾಂಗೆ 100ರಿಂದ 170 ಮಿಲಿಗ್ರಾಂ ಆಸುಪಾಸು. ಅದೇ ಆಲೂಗಡ್ಡೆ 400 ದಾಟತ್ತೆ, ಪಾಲಕ್ ದಂಟಿನಸೊಪ್ಪು 550-600, ಸುವರ್ಣಗಡ್ಡೆ, ಸಿಹಿಗೆಣಸು, ನುಗ್ಗೆಕಾಯಿ, ಬಾಳೆಕಾಯಿ ಎಲ್ಲಾ ಜಾಸ್ತಿ ಗುಂಪಿಗೇ ಸೇರಿದ್ದು. ನಾನು ಮಾಡೋದು ಇಷ್ಟೇ, ಚೀಲದಲ್ಲಿ ಮುಕ್ಕಾಲು ಭಾಗ ಮೊದಲನೇ ಗುಂಪಿನ ನೀರು ತರಕಾರಿ, ಬೀನ್ಸು ಕ್ಯಾರೆಟ್ಟು ಮೂಲಂಗಿ ಬದನೆಕಾಯಿ ಥರದ ಮಧ್ಯಮದವು ಸ್ವಲ್ಪ, ಕೊನೇ ಗುಂಪಿಂದು ವಾರಕ್ಕೆ ಒಂದು ಸಲ ಒಂದೇ ಒಂದು.

ಟೊಮೇಟೊ ಬಗ್ಗೆ ಎಲ್ಲರೂ ಕೇಳ್ತಾರೆ. ನಾಲ್ಕು ಜನದ ಸಾರಿಗೆ ಎರಡು ಟೊಮೇಟೊ ಹಾಕಿದ್ರೆ ಒಬ್ಬರ ಪಾಲಿಗೆ ಬರೋದು ಅರ್ಧ, ಅದೇನೂ ದೊಡ್ಡ ವಿಷ್ಯ ಅಲ್ಲ. ಟೊಮೇಟೊ ಗೊಜ್ಜು, ಟೊಮೇಟೊ ಬಾತು, ಪ್ಯೂರಿ, ಸಾಸು ಇಲ್ಲಿ ತೊಂದ್ರೆ, ಯಾಕಂದ್ರೆ ನಾಲ್ಕೈದು ಟೊಮೇಟೊ ಒಬ್ಬರ ತಟ್ಟೆಗೆ ಬಂದ್ಬಿಡತ್ತೆ. ಹುಣಸೆಹಣ್ಣೂ ಹಾಗೇ, ಪಟ್ಟಿಯಲ್ಲಿ ನೋಡಿದ್ರೆ ಪೊಟ್ಯಾಸಿಯಂ ತುಂಬಾ ಕಾಣತ್ತೆ, ಆದ್ರೆ ಗೋಲಿ ಗಾತ್ರ ಹಾಕೋದು ಇಡೀ ಮನೆಗೆ. 100 ಗ್ರಾಂ ಲೆಕ್ಕ ನೋಡಿ ಹೆದರೋಕಿಂತ ತಟ್ಟೆಗೆ ಎಷ್ಟು ಬೀಳತ್ತೆ ಅಂತ ನೋಡಿ.

ಸೊಪ್ಪು ಪೂರ್ತಿ ಬಿಡ್ಬೇಕಾ ಅಂತ ಅಮ್ಮ ಬೇಜಾರು ಮಾಡ್ಕೊಂಡಿದ್ರು, ಯಾಕಂದ್ರೆ ನಮ್ಮನೇಲಿ ವಾರಕ್ಕೆರಡು ಸಲ ಬಸ್ಸಾರು ಆಗ್ಲೇಬೇಕು. ಇಲ್ಲಿ ಒಂದು ಮಜಾ ಇದೆ ನೋಡಿ. ಪೊಟ್ಯಾಸಿಯಂ ನೀರಲ್ಲಿ ಕರಗೋ ವಸ್ತು, ಹೆಚ್ಚು ನೀರಲ್ಲಿ ತರಕಾರಿ ಬೇಯಿಸಿ ಬಸಿದ್ರೆ ಅದರ ದೊಡ್ಡ ಪಾಲು ನೀರಿಗೆ ಇಳಿಯತ್ತೆ. ಬಸ್ಸಾರಲ್ಲಿ ನಾವು ಮಾಡೋದು ಅದೇ ಅಲ್ವಾ? ಸೊಪ್ಪು ಕಾಳು ಬೇಯಿಸಿ, ಕಟ್ಟು ಬಸಿದು, ಕಟ್ಟಲ್ಲಿ ಸಾರು, ಉಳಿದಿದ್ದಕ್ಕೆ ಒಗ್ಗರಣೆ ಹಾಕಿ ಪಲ್ಯ. ಅಂದ್ರೆ ಪೊಟ್ಯಾಸಿಯಂನ ದೊಡ್ಡ ಪಾಲು ಕಟ್ಟಲ್ಲಿ ಕೂತಿರತ್ತೆ. ಹಾಗಾಗಿ ಈಗ ಸಾರು ನಮಗೆ, ಪಲ್ಯ ಅಪ್ಪಂಗೆ, ಅದೂ ಒಂದು ಸಣ್ಣ ಬಟ್ಟಲು. ಅಪ್ಪಂಗೆ ಅವತ್ತು ಮಜ್ಜಿಗೆಹುಳಿನೋ ಮೆಣಸಿನ ಸಾರೋ ಸಪರೇಟ್ ಮಾಡ್ತಾರೆ. "ಬಸ್ಸಾರಿನ ದಿನ ಸಾರೇ ಇಲ್ಲ ಅಂದ್ರೆ ಅದೇನು ಬಸ್ಸಾರು" ಅಂತ ಅಪ್ಪ ಇವತ್ತಿಗೂ ಗೊಣಗ್ತಾರೆ, ಅದು ಬೇರೆ ಮಾತು.

ಆಲೂಗಡ್ಡೆಗೂ ಇದೇ ದಾರಿ. ಸಿಪ್ಪೆ ತೆಗೆದು, ತೆಳ್ಳಗೆ ಹೆಚ್ಚಿ, ಧಾರಾಳ ನೀರಲ್ಲಿ ತೆರೆದ ಪಾತ್ರೇಲಿ ಬೇಯಿಸಿ, ಆ ನೀರು ಚೆಲ್ಲಿ. ಮುಂಚೆ ಒಂದೆರಡು ಗಂಟೆ ಬೆಚ್ಚಗಿನ ನೀರಲ್ಲಿ ನೆನೆಸಿದ್ರೆ ಒಳ್ಳೇದೇ, ಆದ್ರೆ ನೆನೆಸೋದಕ್ಕಿಂತ ಕುದಿಸಿ ಚೆಲ್ಲೋದ್ರಲ್ಲಿ ಜಾಸ್ತಿ ಹೋಗತ್ತೆ. ಇಡೀ ಆಲೂಗಡ್ಡೆನ ಸಿಪ್ಪೆ ಸಮೇತ ಕುಕ್ಕರ್‌ಗೆ ಹಾಕಿ ಮೂರು ವಿಷಲ್ ಕೂಗ್ಸಿದ್ರೆ ಏನೂ ಹೋಗಲ್ಲ, ಎಲ್ಲಾ ಒಳಗೇ ಇರತ್ತೆ. ಹಾಗೇ, ನೀರು ಬಸಿದ್ರೂ ಪೊಟ್ಯಾಸಿಯಂ ಸೊನ್ನೆ ಆಗಲ್ಲ, ಅಳತೆ ಬಿಟ್ಟು ತಿನ್ನೋಕೆ ಲೈಸೆನ್ಸ್ ಅಲ್ಲ ಅದು.

ಹಣ್ಣು

ಸೇಬು, ಅನಾನಸ್, ಪಿಯರ್ ಹಣ್ಣು ಇವು ಸೇಫ್, ದಿನಕ್ಕೆ ಒಂದು ಸಣ್ಣ ಬಟ್ಟಲಷ್ಟು. ಪರಂಗಿ ಎರಡು ಹೋಳು ಪರವಾಗಿಲ್ಲ. ಪಚ್ಚಬಾಳೆ ಒಂದರಲ್ಲಿ 400 ಹತ್ರ ಇರತ್ತೆ, ಹಲಸು, ಖರ್ಜೂರ, ಒಣದ್ರಾಕ್ಷಿ ಬೇಡ್ವೇ ಬೇಡ. ಹಣ್ಣಿನ ಜ್ಯೂಸ್ ಯಾವುದೂ ತರ್ಬೇಡಿ, ಮೂರು ಹಣ್ಣು ಒಂದು ಲೋಟಕ್ಕೆ ಇಳಿದಿರತ್ತೆ.

ಒಂದು ಹಣ್ಣಿನ ಬಗ್ಗೆ ಮಾತ್ರ ಜೋರಾಗಿ ಹೇಳ್ತೀನಿ. ಕಮರಾಕ್ಷಿ, ನಮ್ಮ ಕರಾವಳಿ ಮಲೆನಾಡು ಕಡೆ ಧಾರೆಹುಳಿ, ಕರಂಬಲ ಅಂತಾರಲ್ಲ, ಕತ್ತರಿಸಿದ್ರೆ ನಕ್ಷತ್ರದ ಥರ ಕಾಣೋದು. ಅದು ಪೊಟ್ಯಾಸಿಯಂ ಪ್ರಶ್ನೆ ಅಲ್ಲ, ಅದರಲ್ಲಿರೋ ಒಂದು ವಿಷದ ಅಂಶವನ್ನ ಒಳ್ಳೆ ಕಿಡ್ನಿ ಹೊರಗೆ ಹಾಕತ್ತೆ, ಕೆಟ್ಟ ಕಿಡ್ನಿಗೆ ಆಗಲ್ಲ, ಅದು ಮೆದುಳಿಗೆ ಹೋಗತ್ತೆ. ನಿಲ್ಲದ ಬಿಕ್ಕಳಿಕೆಯಿಂದ ಶುರುವಾಗಿ ಗೊಂದಲ, ಫಿಟ್ಸ್, ಸಾವಿನ ತನಕ ಹೋಗಿರೋ ಕೇಸ್‌ಗಳಿವೆ. ಹಣ್ಣು, ಜ್ಯೂಸು, ಉಪ್ಪಿನಕಾಯಿ ಯಾವ ರೂಪದಲ್ಲೂ ಬೇಡ, ರುಚಿ ನೋಡೋಕೂ ಬೇಡ. ಊರಿಂದ ಯಾರಾದ್ರೂ ಪ್ರೀತಿಯಿಂದ ಚೀಲ ತುಂಬ ತಂದುಕೊಟ್ರೂ ಅಡುಗೆಮನೆ ಒಳಗೆ ಬಿಡ್ಬೇಡಿ. ಬಿಂಬುಳಿ ಜ್ಯೂಸೂ ಕಿಡ್ನಿಗೆ ಹೊಡೆತ ಕೊಡತ್ತೆ, ಅದೂ ದೂರ.

ದಿನಸಿ

ಇಲ್ಲಿ ನಮ್ಮ ನಂಬಿಕೆ ಎಲ್ಲಾ ಉಲ್ಟಾ. ಶುಗರ್ ಇರೋರಿಗೆ ರಾಗಿ, ಸಿರಿಧಾನ್ಯ, ಬ್ರೌನ್ ರೈಸ್ ಒಳ್ಳೇದು ಅಂತೀವಲ್ಲ, ಕಿಡ್ನಿ ಲೆಕ್ಕದಲ್ಲಿ ಬಿಳಿ ಅಕ್ಕಿನೇ ಮೇಲು. ರಾಗಿ ಹಿಟ್ಟಲ್ಲಿ 100 ಗ್ರಾಂಗೆ ಪೊಟ್ಯಾಸಿಯಂ 400 ದಾಟತ್ತೆ, ಬಿಳಿ ಅಕ್ಕೀಲಿ ಸುಮಾರು 100. ಫಾಸ್ಫರಸ್ ಕೂಡ ರಾಗೀಲಿ ಅಕ್ಕಿಯ ಎರಡರಷ್ಟು. ಮಂಡ್ಯ ಕಡೆಯ ನಮ್ಮಪ್ಪಂಗೆ ಮುದ್ದೆ ಬಿಡ್ಸೋದು ಅಂದ್ರೆ ಜೀವ ತೆಗೆದ ಹಾಗೆ, ಅದಕ್ಕೆ ಡಯಟೀಷಿಯನ್ ಒಪ್ಪಿದ್ದು ವಾರಕ್ಕೆ ಎರಡು ಸಲ, ಟೆನ್ನಿಸ್ ಬಾಲಿಗಿಂತ ಚಿಕ್ಕ ಮುದ್ದೆ, ಅವತ್ತು ಬೇರೆ ಜಾಸ್ತಿ ಪೊಟ್ಯಾಸಿಯಂ ಏನೂ ಇಲ್ಲ. ಮಿಕ್ಕ ದಿನ ಅನ್ನ, ಅಕ್ಕಿರೊಟ್ಟಿ, ರವೆ ಉಪ್ಪಿಟ್ಟು, ಅವಲಕ್ಕಿ, ಶಾವಿಗೆ. ಅನ್ನನ ಜಾಸ್ತಿ ನೀರಲ್ಲಿ ಬೇಯಿಸಿ ಗಂಜಿ ಬಸಿದ್ರೆ ಇನ್ನೂ ಒಳ್ಳೇದು. ಶುಗರ್ ಕೂಡ ಇದ್ರೆ ಅನ್ನದ ಅಳತೆ ಡಾಕ್ಟ್ರನ್ನ ಕೇಳ್ಲೇಬೇಕು.

ಬೆಲ್ಲವೂ ಉಲ್ಟಾ. ಬೆಲ್ಲದಲ್ಲಿ ಕಬ್ಬಿನ ಪೊಟ್ಯಾಸಿಯಂ ಹಾಗೇ ಉಳಿದಿರತ್ತೆ, ಸಕ್ಕರೇಲಿ ಇಲ್ಲವೇ ಇಲ್ಲ ಅನ್ನೋ ಅಷ್ಟು ಕಮ್ಮಿ. ಶುಗರ್ ಇರೋರಿಗೆ ಎರಡೂ ಬೇಡ, ಆದ್ರೆ ಕಾಫಿಗೆ ಒಂದು ಸ್ಪೂನ್ ಹಾಕೋದಿದ್ರೆ ಸಕ್ಕರೆ ಹಾಕಿ, ಬೆಲ್ಲದ ಪುಡಿ ಡಬ್ಬ ತರ್ಬೇಡಿ.

ತೊಗರಿಬೇಳೇಲಿ 100 ಗ್ರಾಂಗೆ 1,300ರ ಮೇಲಿದೆ ಅಂತ ನೋಡಿ ನಾನು ಬೆಚ್ಚಿಬಿದ್ದಿದ್ದೆ. ಆದ್ರೆ ಅಪ್ಪಂಗೆ ಹೇಳಿರೋದು ದಿನಕ್ಕೆ 30 ಗ್ರಾಂ ಬೇಳೆ, ಅಂದ್ರೆ ಹಸಿ ಬೇಳೆ ಒಂದು ಸಣ್ಣ ಹಿಡಿ, ಅಲ್ಲಿಗೆ 400. ಆ ಬೇಳೆನ ಮುಂಚೆನೇ ನೆನೆಸಿ, ನೆನೆಸಿದ ನೀರು ಚೆಲ್ಲಿ ಬೇಯಿಸ್ತೀವಿ. ತಿಂಗಳಿಗೆ ಅಪ್ಪನ ಪಾಲು 900 ಗ್ರಾಂ ಅಂತ ಬೇರೆ ಡಬ್ಬೀಲೇ ಹಾಕಿಡೋದು, ಡಬ್ಬಿ ಬೇಗ ಖಾಲಿ ಆದ್ರೆ ಎಲ್ಲೋ ಕೈ ಜಾರಿದೆ ಅಂತ ಗೊತ್ತಾಗತ್ತೆ. ಕಡಲೇಕಾಯಿ, ಗೋಡಂಬಿ, ಬಾದಾಮಿ ಎರಡೂ ಲೆಕ್ಕದಲ್ಲೂ ಜಾಸ್ತಿ, ಚಿತ್ರಾನ್ನಕ್ಕೆ ನಾಲ್ಕು ಬೀಜ ಸಿಕ್ಕಿದ್ರೆ ಅಷ್ಟೇ ಭಾಗ್ಯ. ಹಾಲು ಮೊಸರು ಸೇರಿ ದಿನಕ್ಕೆ ಒಂದು ಲೋಟದಷ್ಟು ಅಂತ ನಮಗೆ ಹೇಳಿದಾರೆ, ಹಾಲಲ್ಲಿ ಫಾಸ್ಫರಸ್ ಇರೋದ್ರಿಂದ.

ಪ್ಯಾಕೆಟ್ ತಿರುಗಿಸಿ ನೋಡೋದು

ಬೇಳೆ ಕಾಳಲ್ಲಿರೋ ಫಾಸ್ಫರಸ್ ಅರ್ಧಕ್ಕಿಂತ ಕಮ್ಮಿ ಮೈಗೆ ಸೇರತ್ತೆ, ಹಾಲು ಮಾಂಸದ್ದು ಅದಕ್ಕಿಂತ ಜಾಸ್ತಿ. ಆದ್ರೆ ಫ್ಯಾಕ್ಟರೀಲಿ ಸೇರಿಸೋ ಫಾಸ್ಫೇಟ್ ಹೆಚ್ಚುಕಮ್ಮಿ ಪೂರ್ತಿ ರಕ್ತಕ್ಕೆ ಇಳಿಯತ್ತೆ. ಅದಕ್ಕೇ ಫಾಸ್ಫರಸ್ ಏರಿರೋರು ಬೇಳೆಗಿಂತ ಮುಂಚೆ ಕೈ ಬಿಡ್ಬೇಕಾಗಿರೋದು ಪ್ಯಾಕೆಟ್ ತಿಂಡಿ. ಕಷ್ಟ ಏನಂದ್ರೆ ನಮ್ಮ ದೇಶದ ಲೇಬಲ್‌ನಲ್ಲಿ ಸೋಡಿಯಂ ಎಷ್ಟು ಅಂತ ಬರೀಲೇಬೇಕು, ಪೊಟ್ಯಾಸಿಯಂ ಫಾಸ್ಫರಸ್ ಬರೀಲೇಬೇಕು ಅಂತ ರೂಲ್ ಇಲ್ಲ. ಹಾಗಾಗಿ ಪೌಷ್ಟಿಕಾಂಶದ ಟೇಬಲ್ ಬಿಟ್ಟು ಪದಾರ್ಥಗಳ ಪಟ್ಟಿ ಓದ್ಬೇಕು, ಅಲ್ಲಿ ಐಎನ್‌ಎಸ್ ನಂಬರ್‌ಗಳು ಇರ್ತವೆ. ನಾನು ಫೋನಲ್ಲಿ ಬರ್ಕೊಂಡಿರೋದು ಇಷ್ಟೇ: 338ರಿಂದ 343, ಮತ್ತೆ 450, 451, 452. ಇವೆಲ್ಲ ಫಾಸ್ಫೇಟ್ ಜಾತಿ. ಹೆಸರಲ್ಲೇ ಬರೆದಿದ್ರೆ 'ಫಾಸ್' ಅನ್ನೋ ಶಬ್ದ ಎಲ್ಲಾದ್ರೂ ಇದೆಯಾ ನೋಡಿ. ಕಪ್ಪು ಕೋಲಾದಲ್ಲಿ 338, ಸ್ಲೈಸ್ ಚೀಸಲ್ಲಿ, ಇನ್‌ಸ್ಟಂಟ್ ನೂಡಲ್ಸಲ್ಲಿ, ಫ್ರೋಜನ್ ಚಿಕನ್ ಐಟಂಗಳಲ್ಲಿ, ಬೇಕಿಂಗ್ ಪೌಡರ್ ಹಾಕಿರೋ ಕೇಕಲ್ಲಿ ಇವು ಸಿಗ್ತಾನೇ ಇರ್ತವೆ. ಹಾಲಿಗೆ ಹಾಕೋ ಹೆಲ್ತ್ ಡ್ರಿಂಕ್ ಪುಡಿಗಳ ಪಟ್ಟಿನೂ ಒಂದ್ಸಲ ಓದಿ, ವಯಸ್ಸಾದೋರಿಗೆ ಶಕ್ತಿ ಬರ್ಲಿ ಅಂತ ನೆಂಟರು ತರೋದೇ ಅದನ್ನ.

ಸೋಡಿಯಂ ಲೆಕ್ಕ ಒಂದು ಉದಾಹರಣೆ. ಮೊನ್ನೆ ಒಂದು ನೂಡಲ್ಸ್ ಪ್ಯಾಕೆಟ್ ನೋಡಿದೆ, 100 ಗ್ರಾಂಗೆ ಸೋಡಿಯಂ 1,100 ಮಿಲಿಗ್ರಾಂ ಅಂತ ಇತ್ತು. ಪ್ಯಾಕೆಟ್ 70 ಗ್ರಾಂ, ಹಾಗಾದ್ರೆ 770. 400 ಸೋಡಿಯಂ ಅಂದ್ರೆ 1 ಗ್ರಾಂ ಉಪ್ಪು, ಅಲ್ಲಿಗೆ ಹತ್ರ ಹತ್ರ 2 ಗ್ರಾಂ ಉಪ್ಪು ಒಂದೇ ತಟ್ಟೇಲಿ, ದಿನದ ಪಾಲಲ್ಲಿ 40 ಪರ್ಸೆಂಟ್ ಹೋಯ್ತು. ಕೆಲವರು 'ಒಂದು ಸರ್ವಿಂಗ್‌ಗೆ' ಅಂತ ಚಿಕ್ಕ ನಂಬರ್ ದೊಡ್ಡದಾಗಿ ಹಾಕಿರ್ತಾರೆ, ಸರ್ವಿಂಗ್ ಅಂದ್ರೆ ಪ್ಯಾಕೆಟ್ಟಿನ ಅರ್ಧನಾ ಕಾಲಾ ಅಂತ ನೋಡ್ಕೊಳ್ಳಿ. ರವೆ ಇಡ್ಲಿ ಮಿಕ್ಸ್ ಥರದವೂ ಇದೇ ಕಥೆ, ಅದರಲ್ಲಿ ಉಪ್ಪಿನ ಜೊತೆ ಸೋಡಾನೂ ಇರತ್ತೆ. ಮನೇಲಿ ರವೆ ಹುರಿದು ಮಾಡ್ಕೊಂಡ್ರೆ ಎರಡೂ ನಮ್ಮ ಕೈಯಲ್ಲೇ.

ನಮ್ಮ ಒಂದು ವಾರದ ಚೀಟಿ

ಅಪ್ಪನ ಪಾಲಿಗೆ ಅಂತ ನಾನು ಹೋದ ಭಾನುವಾರ ತಂದಿದ್ದು: ಸೀಮೆಬದನೆ ಅರ್ಧ ಕೆಜಿ, ಹೀರೆಕಾಯಿ ಅರ್ಧ ಕೆಜಿ, ಒಂದು ಸಣ್ಣ ಎಲೆಕೋಸು, ಸೌತೆಕಾಯಿ ಎರಡು, ಬೀನ್ಸ್ ಕಾಲು ಕೆಜಿ, ಬಸ್ಸಾರಿಗೆ ಒಂದು ಕಟ್ಟು ದಂಟಿನಸೊಪ್ಪು, ಸೇಬು ನಾಲ್ಕು, ಕಾಲು ಅನಾನಸ್, ನಿಂಬೆಹಣ್ಣು ಹತ್ತು, ಅಕ್ಕಿ ಹಿಟ್ಟು 1 ಕೆಜಿ, ದಪ್ಪ ಅವಲಕ್ಕಿ ಅರ್ಧ ಕೆಜಿ. ಬೇಳೆ ಡಬ್ಬೀಲಿತ್ತು. ಅಂಗಡಿಯವ್ರು "ಏನ್ ಸಾರ್, ಬಾಳೆಹಣ್ಣು ಬೇಡ್ವಾ, ಒಳ್ಳೆ ಏಲಕ್ಕಿ ಬಂದಿದೆ" ಅಂದ್ರು, ಅದನ್ನ ನನಗೆ ಅಂತ ತಗೊಂಡು ಬಂದು ಆಫೀಸ್ ಬ್ಯಾಗಲ್ಲಿ ಇಟ್ಕೊಂಡೆ, ಅಪ್ಪನ ಕಣ್ಣಿಗೆ ಬೀಳೋ ಜಾಗದಲ್ಲಿ ಇಟ್ರೆ ಆಯ್ತು ಕಥೆ.

ಉಪ್ಪು ಬದಲಾಯಿಸಿ ಎಳನೀರು ನಿಲ್ಸಿ ಮೂರು ವಾರಕ್ಕೆ ಮತ್ತೆ ಟೆಸ್ಟ್ ಮಾಡ್ಸಿದಾಗ ಪೊಟ್ಯಾಸಿಯಂ 4.9 ಬಂತು. ಪೂರ್ತಿ ನಮ್ಮ ಅಡುಗೆಮನೆ ಪ್ರತಾಪ ಅಂತ ಹೇಳೋ ಹಾಗಿಲ್ಲ, ಅಪ್ಪನ ಬಿಪಿ ಮಾತ್ರೆಗಳಲ್ಲಿ ಒಂದು ಪೊಟ್ಯಾಸಿಯಂ ಏರ್ಸೋ ಜಾತಿದು, ಡಾಕ್ಟ್ರು ಅದರ ಡೋಸ್ ಕೂಡ ಕಮ್ಮಿ ಮಾಡಿದ್ರು. ಆ ಮಾತ್ರೆ ಕಿಡ್ನಿ ಕಾಪಾಡೋಕೂ ಬೇಕಾಗಿರೋದು, ಹಾಗಾಗಿ ನಂಬರ್ ಏರಿದ್ರೆ ನೀವೇ ನಿಲ್ಲಿಸ್ಬೇಡಿ. ಆ ದುಬಾರಿ ಲೋ ಸೋಡಿಯಂ ಉಪ್ಪಿನ ಪ್ಯಾಕೆಟ್ ಅರ್ಧ ಹಾಗೇ ಉಳಿದಿತ್ತು, ಅಮ್ಮಂಗೆ ಬಿಸಾಕೋಕೆ ಮನಸ್ಸಿಲ್ಲ, ಈಗ ಅದು ಸಿಂಕ್ ಕೆಳಗೆ ಹಿತ್ತಾಳೆ ಪಾತ್ರೆ ತಿಕ್ಕೋಕೆ ಹುಣಸೆಹಣ್ಣಿನ ಜೊತೆ ಕೂತಿದೆ.